ಬೀಟಾ ಕ್ಯಾರೋಟಿನ್‌ಗೆ ಪೆಟ್ಟಿಗೆಯ ಲೆಕ್ಕ ಏಕೆ ಹೊಂದುವುದಿಲ್ಲ?

ಪ್ರಶ್ನೆ: ಏಕ ಆಯಾಮದ ಪೆಟ್ಟಿಗೆಯಲ್ಲಿರುವ ಕಣದ ಮಾದರಿಯನ್ನು ಬಳಸಿ ಸಯನಿನ್ ಬಣ್ಣಗಳ ಹೀರಿಕೆಯ ತರಂಗಾಂತರವನ್ನು ಲೆಕ್ಕ ಹಾಕಿದೆ. ಉತ್ತರ ಅಳತೆಗೆ ಹತ್ತಿರವೇ ಬಂತು. ಅದೇ ಸೂತ್ರಕ್ಕೆ ಬೀಟಾ ಕ್ಯಾರೋಟಿನ್‌ನ 22 ಪೈ ಎಲೆಕ್ಟ್ರಾನ್ ಮತ್ತು 21 ಬಂಧಗಳನ್ನು (ಬಂಧವೊಂದಕ್ಕೆ 0.139 ನ್ಯಾನೊಮೀಟರ್) ಹಾಕಿದರೆ 1220 ನ್ಯಾನೊಮೀಟರ್ ಬರುತ್ತದೆ. ಹೆಕ್ಸೇನ್‌ನಲ್ಲಿ ನಾನು ಅಳೆದದ್ದು 450. ಪೆಟ್ಟಿಗೆಯ ಉದ್ದದಲ್ಲಿ ತಪ್ಪಿದೆನೇ? ಉದ್ದವನ್ನು 1.77 ನ್ಯಾನೊಮೀಟರ್ ಎಂದು ಇಟ್ಟುಕೊಂಡರೆ ಸರಿಹೋಗುತ್ತದೆ ಎಂದು ಸಹಪಾಠಿಯೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ, ಉದ್ದದಲ್ಲಿಯೂ ಹೇಳಿಕೊಳ್ಳುವಂಥ ತಪ್ಪಿಲ್ಲ. ತಪ್ಪಿರುವುದು ಪೆಟ್ಟಿಗೆಯ ತಳದಲ್ಲಿ. ತಳ ಸಪಾಟಾಗಿದೆ ಎಂದು ಸೂತ್ರ ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತದೆ. ಸಯನಿನ್‌ನಲ್ಲಿ ಅದು ಬಹುಮಟ್ಟಿಗೆ ನಿಜ, ಕ್ಯಾರೋಟಿನ್‌ನಲ್ಲಿ ನಿಜವಲ್ಲ. ಸಹಪಾಠಿ ಹೇಳುವ 1.77ರ ಉಪಾಯ ಬೇಡ. ಏಕೆ ಬೇಡ ಎಂಬುದನ್ನು ನೋಡಿದರೆ ಮಾದರಿಯ ಒಳಗುಟ್ಟು ಅರ್ಥವಾಗುತ್ತದೆ.

ನೀವು ಬಳಸಿದ ಸೂತ್ರ ಇದು:

λ = 8mcL² / h(N+1)

N ಎಂದರೆ ಪೈ ಎಲೆಕ್ಟ್ರಾನ್‌ಗಳ ಸಂಖ್ಯೆ, L ಎಂದರೆ ಪೆಟ್ಟಿಗೆಯ ಉದ್ದ. ಒಂದೊಂದು ಮಟ್ಟದಲ್ಲಿ ಎರಡೆರಡು ಎಲೆಕ್ಟ್ರಾನ್‌ಗಳು ಕೂರುವುದರಿಂದ ತುಂಬಿರುವ ಕೊನೆಯ ಮಟ್ಟ N/2, ಅದರ ಮೇಲಿನ ಖಾಲಿ ಮಟ್ಟ N/2 + 1. ಇವೆರಡರ ನಡುವಿನ ಜಿಗಿತವೇ ಬಣ್ಣ. ಸ್ಥಿರಾಂಕಗಳನ್ನೆಲ್ಲ ಒಟ್ಟುಗೂಡಿಸಿ ಉದ್ದವನ್ನು ನ್ಯಾನೊಮೀಟರ್‌ನಲ್ಲಿ ಹಾಕಿದರೆ λ = 3297 L²/(N+1) ನ್ಯಾನೊಮೀಟರ್ ಆಗುತ್ತದೆ. ಈ 3297 ನೆನಪಿನಲ್ಲಿದ್ದರೆ ಮುಂದಿನ ಎಲ್ಲ ಲೆಕ್ಕವನ್ನೂ ಒಂದು ಚೀಟಿಯ ಹಿಂಬದಿಯಲ್ಲಿ ಮಾಡಬಹುದು.

ಮೊದಲು ಮಾದರಿ ಗೆಲ್ಲುವ ಜಾಗವನ್ನು ನೋಡೋಣ. ಸಯನಿನ್‌ಗಳಲ್ಲಿ ಅತ್ಯಂತ ಸರಳವಾದ ಸರಣಿಯೊಂದಿದೆ: ಎರಡು ತುದಿಗಳಲ್ಲಿ ಒಂದೊಂದು ಡೈಮೀಥೈಲ್ ಅಮೈನೊ ಗುಂಪು, ನಡುವೆ ಬೆಸಸಂಖ್ಯೆಯ ಇಂಗಾಲಗಳ ಸರಪಳಿ, ಒಟ್ಟು ಅಣುವಿನ ಮೇಲೆ ಒಂದು ಧನ ವಿದ್ಯುದಂಶ. ಬೆಂಜೀನ್ ಉಂಗುರಗಳ ಗೊಂದಲ ಇಲ್ಲಿಲ್ಲ. ಇಂಗಾಲಗಳ ಸಂಖ್ಯೆ j ಆದರೆ ಪೈ ಎಲೆಕ್ಟ್ರಾನ್‌ಗಳು j + 3. ಒಂದು ಸಾರಜನಕದ ಒಂಟಿ ಜೋಡಿಯೂ ಇದರಲ್ಲಿ ಸೇರಿದೆ, ಅದನ್ನು ಬಿಡುವವರೇ ಹೆಚ್ಚು. ಎರಡು ಸಾರಜನಕಗಳ ನಡುವೆ j + 1 ಬಂಧಗಳಿವೆ. ತುದಿಗಳಲ್ಲಿ ಎಲೆಕ್ಟ್ರಾನ್ ಮೋಡ ಥಟ್ಟನೆ ನಿಲ್ಲುವುದಿಲ್ಲವಾದ್ದರಿಂದ ಎರಡೂ ಕಡೆ ಒಂದೊಂದು ಬಂಧದಷ್ಟು ಜಾಗ ಬಿಟ್ಟು L = (j + 3) × 0.139 ಎಂದು ತೆಗೆದುಕೊಳ್ಳುವುದು ರೂಢಿ. 1949ರಲ್ಲಿ ಹಾನ್ಸ್ ಕೂನ್ ಈ ಮಾದರಿಯನ್ನು ಬಣ್ಣಗಳಿಗೆ ವಿಸ್ತಾರವಾಗಿ ಅನ್ವಯಿಸಿ ತೋರಿಸಿದಾಗ ಬಳಸಿದ್ದೂ ಈ ಬಗೆಯ ಪೆಟ್ಟಿಗೆಯನ್ನೇ.

ಮೂರು ಇಂಗಾಲವಿದ್ದರೆ N = 6, L = 0.834. ಲೆಕ್ಕ 328 ನ್ಯಾನೊಮೀಟರ್ ಕೊಡುತ್ತದೆ, ಅಳತೆ ಸುಮಾರು 312. ಐದು ಇಂಗಾಲಕ್ಕೆ ಲೆಕ್ಕ 453, ಅಳತೆ 416. ಏಳಕ್ಕೆ 579, ಅಳತೆ 519. ಒಂಬತ್ತಕ್ಕೆ 706, ಅಳತೆ 625. ಹತ್ತಿರವಿದೆ ಎಂದು ಖುಷಿಪಡುವ ಮುನ್ನ ವ್ಯತ್ಯಾಸ ಹೇಗೆ ಬೆಳೆಯುತ್ತಿದೆ ಎಂಬುದನ್ನು ನೋಡಿ: ಶೇಕಡಾ 5ರಿಂದ ಶೇಕಡಾ 13ಕ್ಕೆ. ಲೆಕ್ಕದ ಪ್ರಕಾರ ಎರಡು ಇಂಗಾಲ ಸೇರಿದಾಗಲೆಲ್ಲ ತರಂಗಾಂತರ 126 ನ್ಯಾನೊಮೀಟರಿನಷ್ಟು ಏರಬೇಕು, ನಿಜದಲ್ಲಿ ಏರುವುದು 103ರಿಂದ 106. ಅಂಕುಡೊಂಕಾದ ಬಂಧಗಳ ಹಾದಿಯನ್ನು ಅಳೆಯುವ ಬದಲು ಸರಪಳಿಯ ನೇರ ಉದ್ದವನ್ನು ತೆಗೆದುಕೊಂಡರೆ ಬಂಧಕ್ಕೆ 0.120 ನ್ಯಾನೊಮೀಟರ್ ಆಗಿ, ಏರಿಕೆ ಸುಮಾರು 94ಕ್ಕೆ ಇಳಿಯುತ್ತದೆ. ಅಳತೆ ಇವೆರಡರ ನಡುವೆ ಬೀಳುತ್ತದೆ. ಇಷ್ಟು ಒರಟಾದ ಮಾದರಿಯಿಂದ ಇದಕ್ಕಿಂತ ಹೆಚ್ಚಿನದನ್ನು ನಾನಂತೂ ಕೇಳುವುದಿಲ್ಲ. ಮುಖ್ಯವಾದ ಸಂಗತಿ ಬೇರೆಯೇ ಇದೆ: ಸರಪಳಿ ಉದ್ದವಾದಂತೆ ತರಂಗಾಂತರ ಸಮನಾದ ಮೆಟ್ಟಿಲುಗಳಲ್ಲಿ, ದಣಿವಿಲ್ಲದೆ ಏರುತ್ತದೆ ಎಂದು ಸಪಾಟು ತಳದ ಪೆಟ್ಟಿಗೆ ಹೇಳುತ್ತದೆ, ಸಯನಿನ್‌ಗಳು ಹಾಗೆಯೇ ನಡೆದುಕೊಳ್ಳುತ್ತವೆ.

ನೀವು ಪ್ರಯೋಗಾಲಯದಲ್ಲಿ ಬಳಸಿದ್ದು ಬಹುಶಃ ತುದಿಗಳಲ್ಲಿ ಕ್ವಿನೊಲಿನ್ ಅಥವಾ ಬೆಂಜೊಥಯಜೋಲ್ ಉಂಗುರಗಳಿರುವ ಬಣ್ಣಗಳನ್ನು. ಅಲ್ಲಿ ಎಲೆಕ್ಟ್ರಾನ್ ಮೋಡ ಉಂಗುರಗಳೊಳಕ್ಕೂ ಸ್ವಲ್ಪ ಚಾಚಿಕೊಳ್ಳುತ್ತದೆ. ಆದ್ದರಿಂದ ಉದ್ದಕ್ಕೆ α ಎಂಬ ಹೊಂದಾಣಿಕೆಯ ಸಂಖ್ಯೆಯನ್ನು ಸೇರಿಸಿ, ಅದನ್ನು ಅಳತೆಯಿಂದಲೇ ತೆಗೆಯುತ್ತಾರೆ. ಪಿನಾಸಯನಾಲ್‌ಗೆ, ಅಂದರೆ 605 ನ್ಯಾನೊಮೀಟರ್‌ನಲ್ಲಿ ಹೀರುವ ಕ್ವಿನೊಲಿನ್ ಬಣ್ಣಕ್ಕೆ, α ಸುಮಾರು 1.2 ಬಂಧ ಬರುತ್ತದೆ. ಈ ಅಂಕಿಯ ಚಿಹ್ನೆಯನ್ನು ಗಮನದಲ್ಲಿಡಿ. ಅದು ಧನ, ಗಾತ್ರದಲ್ಲಿ ಒಂದು ಬಂಧದ ಆಸುಪಾಸು. ಉಂಗುರದೊಳಕ್ಕೆ ಮೋಡ ಅಷ್ಟು ಚಾಚಿದೆ ಎಂದರೆ ನಂಬಬಹುದು.

ಈಗ 1.77ಕ್ಕೆ ಬರೋಣ. 450 ನ್ಯಾನೊಮೀಟರ್ ಬರಬೇಕಾದರೆ L² = 450 × 23 / 3297, ಅಂದರೆ L = 1.77. ಸಹಪಾಠಿಯ ಅಂಕಿ ಬಂದದ್ದು ಹೀಗೆ, ಉತ್ತರದಿಂದ ಹಿಂದಕ್ಕೆ ನಡೆದು. ಕ್ಯಾರೋಟಿನ್‌ನ 22 ಇಂಗಾಲಗಳ ಸರಪಳಿಯನ್ನು ನೇರವಾಗಿ ಅಳೆದರೂ 2.5 ನ್ಯಾನೊಮೀಟರ್ ಇದೆ, ಬಂಧಗಳ ಹಾದಿಯಲ್ಲಿ ಅಳೆದರೆ 2.92. ತುದಿಗಳಲ್ಲಿ ಒಂದೊಂದು ಬಂಧ ಸೇರಿಸಿದರೆ 3.2. ಇದರಲ್ಲಿ 1.77 ಎಂದರೆ ಹದಿಮೂರು ಬಂಧಗಳಿಗೂ ಸಾಲದ ಉದ್ದ. ಉಳಿದ ಹತ್ತು ಬಂಧಗಳು ಎಲ್ಲಿ ಹೋದವು? ಸಯನಿನ್‌ನಲ್ಲಿ ಒಂದು ಬಂಧದಷ್ಟು ಉದ್ದವನ್ನು ಕೂಡಿಸಿದೆವು, ಇಲ್ಲಿ ಹತ್ತನ್ನು ಕಳೆಯಬೇಕಾಗಿದೆ. ಹೊಂದಾಣಿಕೆಯ ಸಂಖ್ಯೆ ಇಷ್ಟು ದೊಡ್ಡದಾಗಿ, ಅದೂ ಋಣವಾಗಿ ಬಂದಾಗ, ಅದು ಬೇರೆ ಯಾವುದೋ ದೋಷವನ್ನು ಮುಚ್ಚಿಕೊಳ್ಳುತ್ತಿದೆ ಎಂದೇ ತಿಳಿಯಬೇಕು. ಇನ್ನೊಂದು ಮಾತು: ತುದಿಗಳನ್ನು ಸೇರಿಸಿದ 3.2 ಹಾಕಿದರೆ ನಿಮ್ಮ ಉತ್ತರ 1465ಕ್ಕೆ ಏರಿ ಇನ್ನೂ ಕೆಡುತ್ತದೆ. ಉದ್ದವನ್ನು ತಿದ್ದಿದಷ್ಟೂ ಲೆಕ್ಕ ಹದಗೆಡುವುದು ತಪ್ಪು ಬೇರೆ ಕಡೆ ಇದೆ ಎಂಬುದಕ್ಕೆ ಸಾಕ್ಷಿ.

ತಪ್ಪು ಎಲ್ಲಿದೆ ಎಂದು ಕಾಣಬೇಕಾದರೆ ಎರಡು ಅಣುಗಳ ರಚನೆಯನ್ನು ಬರೆದು ನೋಡಿ. ಸಯನಿನ್‌ನಲ್ಲಿ ಧನ ವಿದ್ಯುದಂಶವನ್ನು ಎಡಗಡೆಯ ಸಾರಜನಕದ ಮೇಲಾದರೂ ಬರೆಯಬಹುದು, ಬಲಗಡೆಯದರ ಮೇಲಾದರೂ ಬರೆಯಬಹುದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಏಕಬಂಧವೂ ದ್ವಿಬಂಧವಾಗುತ್ತದೆ, ಪ್ರತಿ ದ್ವಿಬಂಧವೂ ಏಕಬಂಧವಾಗುತ್ತದೆ. ಎರಡೂ ಚಿತ್ರಗಳು ಸರಿಸಮಾನವಾದ್ದರಿಂದ ನಿಜವಾದ ಅಣುವಿನಲ್ಲಿ ಸರಪಳಿಯ ಬಂಧಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದದವು. ಎಲೆಕ್ಟ್ರಾನ್‌ಗೆ ಒಂದು ಬಂಧಕ್ಕೂ ಪಕ್ಕದ ಬಂಧಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸಪಾಟು ತಳ ಎಂದರೆ ಇದೇ.

ಕ್ಯಾರೋಟಿನ್‌ನಲ್ಲಿ ಇಂಥ ಎರಡನೆಯ ಚಿತ್ರವಿಲ್ಲ. ದ್ವಿಬಂಧಗಳನ್ನು ಅದಲುಬದಲು ಮಾಡಲು ಹೋದರೆ ಎರಡು ತುದಿಗಳಲ್ಲೂ ಜೊತೆಯಿಲ್ಲದ ಎಲೆಕ್ಟ್ರಾನ್‌ಗಳು ಉಳಿಯುತ್ತವೆ, ಅಂಥ ರಚನೆಗೆ ಶಕ್ತಿ ಬಹಳ ಬೇಕು. ಆದ್ದರಿಂದ ದ್ವಿಬಂಧಗಳು ಗಿಡ್ಡವಾಗಿ, ಏಕಬಂಧಗಳು ಉದ್ದವಾಗಿ ಉಳಿಯುತ್ತವೆ: ಸರಿಸುಮಾರು 0.135 ಮತ್ತು 0.145 ನ್ಯಾನೊಮೀಟರ್. ವ್ಯತ್ಯಾಸ 0.01 ನ್ಯಾನೊಮೀಟರ್ ಮಾತ್ರ, ಒಟ್ಟು ಉದ್ದವನ್ನು ಅದು ಬದಲಿಸುವುದೇ ಇಲ್ಲ. ಆದರೆ ಎಲೆಕ್ಟ್ರಾನ್‌ಗೆ ಗಿಡ್ಡ ಬಂಧದ ಜಾಗ ತುಸು ಆಳ, ಉದ್ದ ಬಂಧದ ಜಾಗ ತುಸು ಎತ್ತರ. ಪೆಟ್ಟಿಗೆಯ ತಳ ರಸ್ತೆಯ ಉಬ್ಬುಗಳಂತೆ ಏರಿಳಿಯುತ್ತದೆ.

ಈ ಸಣ್ಣ ಏರಿಳಿತ ಇಷ್ಟು ದೊಡ್ಡ ವ್ಯತ್ಯಾಸವನ್ನು ತರುವುದು ಹೇಗೆ? ಅದರ ಲಯ ತುಂಬಿರುವ ಕೊನೆಯ ಮಟ್ಟದ ಅಲೆಯ ಲಯಕ್ಕೆ ಸರಿಯಾಗಿ ಕೂರುತ್ತದೆ. ಬ್ಯೂಟಡೈಯೀನ್ ಎಂಬ ನಾಲ್ಕು ಇಂಗಾಲದ ಪುಟ್ಟ ಅಣುವಿನಲ್ಲಿ ಇದನ್ನು ಬೆರಳಿಟ್ಟು ತೋರಿಸಬಹುದು. ಪರಮಾಣುಗಳನ್ನು 1, 2, 3, 4 ಎಂಬ ಬಿಂದುಗಳಲ್ಲಿ ಇಟ್ಟು, ಪೆಟ್ಟಿಗೆಯನ್ನು 0ಯಿಂದ 5ರವರೆಗೆ ಎಳೆಯಿರಿ. ತುಂಬಿರುವ ಕೊನೆಯ ಮಟ್ಟ ಎರಡನೆಯದು. ಅದರ ಅಲೆಯ ಉಬ್ಬುಗಳು 1.25 ಮತ್ತು 3.75ರಲ್ಲಿ, ಅಂದರೆ ಎರಡು ದ್ವಿಬಂಧಗಳ ಮೇಲೆಯೇ ಬೀಳುತ್ತವೆ. ನಡುವಿನ ಏಕಬಂಧದಲ್ಲಿ ಅದು ಸೊನ್ನೆ. ಖಾಲಿ ಇರುವ ಮೂರನೆಯ ಮಟ್ಟದ ನಡು ಉಬ್ಬು 2.5ರಲ್ಲಿ, ಸರಿಯಾಗಿ ಏಕಬಂಧದ ನೆತ್ತಿಯ ಮೇಲೆ. ತುಂಬಿದ ಮಟ್ಟ ತಗ್ಗುಗಳಲ್ಲಿ ಕುಳಿತು ಕೆಳಗಿಳಿಯುತ್ತದೆ, ಖಾಲಿ ಮಟ್ಟ ದಿಬ್ಬದ ಮೇಲೆ ಕುಳಿತು ಮೇಲೇರುತ್ತದೆ. ನಡುವಿನ ಅಂತರ ಎರಡೂ ಕಡೆಯಿಂದ ಹಿಗ್ಗುತ್ತದೆ. ಸರಪಳಿ ಎಷ್ಟೇ ಉದ್ದವಾದರೂ ಈ ಹೊಂದಿಕೆ ಅಳಿಯುವುದಿಲ್ಲ. ಉಳಿದ ಮಟ್ಟಗಳ ಅಲೆಗಳು ಉಬ್ಬುತಗ್ಗುಗಳ ಜೊತೆ ಹೆಜ್ಜೆ ತಪ್ಪುವುದರಿಂದ ಅವುಗಳ ಮೇಲೆ ಪರಿಣಾಮ ಕಡಿಮೆ. ಆದರೆ ಬಣ್ಣವನ್ನು ನಿರ್ಧರಿಸುವುದು ಇವೆರಡೇ ಮಟ್ಟಗಳು.

ಕೂನ್ ಈ ಹಿಗ್ಗುವಿಕೆಯನ್ನು ಒಂದು ಪದವಾಗಿ ಸೂತ್ರಕ್ಕೆ ಸೇರಿಸಿದರು:

ΔE = h²(N+1)/8mL² + V0(1 − 1/N)

ಮೊದಲ ಭಾಗ ನಿಮ್ಮ ಹಳೆಯ ಪೆಟ್ಟಿಗೆ. ಎರಡನೆಯದು ತಳದ ಏರಿಳಿತದ ಕೊಡುಗೆ. V0 ಎಂದರೆ ಸರಪಳಿ ಕೊನೆಯಿಲ್ಲದಷ್ಟು ಉದ್ದವಾದರೂ ಉಳಿಯುವ ಅಂತರ. ಕ್ಯಾರೋಟಿನ್‌ನಂತೆ ಏಕಬಂಧ, ದ್ವಿಬಂಧಗಳು ಪರ್ಯಾಯವಾಗಿ ಬರುವ ಪಾಲಿಯೀನ್‌ಗಳಿಗೆ ತುದಿಗಳನ್ನು ಸೇರಿಸಿ L = (N + 1) × 0.139 ಎಂದು ಹಾಕಿದರೆ ಮೊದಲ ಭಾಗ ಚೊಕ್ಕವಾಗಿ 19.46/(N+1) ಎಲೆಕ್ಟ್ರಾನ್ ವೋಲ್ಟ್ ಆಗುತ್ತದೆ.

ನಿಮ್ಮ ಕ್ಯಾರೋಟಿನ್‌ಗೆ ಹಾಕಿ ನೋಡೋಣ. 450 ನ್ಯಾನೊಮೀಟರ್ ಎಂದರೆ 2.755 ಎಲೆಕ್ಟ್ರಾನ್ ವೋಲ್ಟ್. ಪೆಟ್ಟಿಗೆ ಕೊಡುವುದು 19.46/23 = 0.846 ಮಾತ್ರ. ಉಳಿದ 1.909ನ್ನು ಎರಡನೆಯ ಪದ ತುಂಬಬೇಕು: V0 × 21/22 = 1.909, ಅಂದರೆ V0 = 2.0 ಎಲೆಕ್ಟ್ರಾನ್ ವೋಲ್ಟ್. ಕ್ಯಾರೋಟಿನ್‌ನ ಬಣ್ಣದಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚಿನ ಪಾಲು ಪೆಟ್ಟಿಗೆಯದಲ್ಲ, ಬಂಧಗಳು ಗಿಡ್ಡ, ಉದ್ದ ಎಂದು ಪರ್ಯಾಯವಾಗಿರುವುದರದ್ದು. ನಿಮ್ಮ ಸೂತ್ರ ಬಿಟ್ಟುಬಿಟ್ಟದ್ದು ಸಣ್ಣ ತಿದ್ದುಪಡಿಯನ್ನಲ್ಲ, ಮುಖ್ಯ ಪಾಲನ್ನೇ.

ಇದೂ ಒಂದು ಹೊಂದಾಣಿಕೆಯ ಸಂಖ್ಯೆಯೇ ಅಲ್ಲವೇ, 1.77ಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು, ಕೇಳಬೇಕು ಕೂಡ. ವ್ಯತ್ಯಾಸ ತಿಳಿಯುವುದು ಅದೇ ಸಂಖ್ಯೆಯನ್ನು ಬೇರೆ ಅಣುಗಳ ಮೇಲೆ ಪ್ರಯೋಗಿಸಿದಾಗ. ಕ್ಯಾರೋಟಿನ್‌ನಿಂದ ತೆಗೆದ 2.0ನ್ನು ಮುಟ್ಟದೆ ಬ್ಯೂಟಡೈಯೀನ್‌ಗೆ ಹಾಕಿದರೆ 230 ನ್ಯಾನೊಮೀಟರ್ ಬರುತ್ತದೆ, ಅಳತೆ 217. ಆರು ಇಂಗಾಲದ ಹೆಕ್ಸಟ್ರೈಯೀನ್‌ಗೆ 279, ಅಳತೆ ಸುಮಾರು 258. ಎಂಟು ಇಂಗಾಲದ ಆಕ್ಟಟೆಟ್ರಾಯೀನ್‌ಗೆ 317, ಅಳತೆ ಸುಮಾರು 304. ನಾಲ್ಕು ಇಂಗಾಲದಿಂದ ಇಪ್ಪತ್ತೆರಡರವರೆಗೆ ಒಂದೇ ಸಂಖ್ಯೆ ಶೇಕಡಾ ಒಂಬತ್ತರ ಒಳಗೆ ನಿಲ್ಲುತ್ತದೆ. ಸಹಪಾಠಿಯ 1.77 ಕ್ಯಾರೋಟಿನ್ ಒಂದನ್ನು ಬಿಟ್ಟು ಬೇರಾವುದರ ಬಗ್ಗೆಯೂ ಬಾಯಿ ಬಿಡುವುದಿಲ್ಲ. ಪ್ರತಿ ಅಣುವಿಗೂ ಹೊಸ ಉದ್ದವನ್ನು ಕಂಡುಹಿಡಿಯಬೇಕು, ಕಂಡುಹಿಡಿದ ಉದ್ದ ಆ ಅಣುವಿನ ಉದ್ದಕ್ಕೆ ಹೊಂದುವುದೂ ಇಲ್ಲ.

ಇಲ್ಲಿ ಬ್ಯೂಟಡೈಯೀನ್ ಒಡ್ಡುವ ಒಂದು ಬಲೆಯನ್ನೂ ಹೇಳಿಬಿಡುತ್ತೇನೆ. ಅದನ್ನು ಸಪಾಟು ಪೆಟ್ಟಿಗೆಯಲ್ಲೇ ಹಾಕಿ, ತುದಿಗಳಲ್ಲಿ ಒಂದೊಂದರ ಬದಲು ಅರ್ಧರ್ಧ ಬಂಧ ಸೇರಿಸಿದರೆ 204 ನ್ಯಾನೊಮೀಟರ್ ಬರುತ್ತದೆ. ಅಳತೆ 217 ಆದ್ದರಿಂದ ಪಾಲಿಯೀನ್‌ಗಳಿಗೂ ಮಾದರಿ ಚೆನ್ನಾಗಿ ಹೊಂದುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಅದೇ ವಿಧಾನವನ್ನು ಹೆಕ್ಸಟ್ರೈಯೀನ್‌ಗೆ ಹಾಕಿದರೆ 328, ಆಕ್ಟಟೆಟ್ರಾಯೀನ್‌ಗೆ 453. ಅಳತೆಗಳು 258 ಮತ್ತು 304. ಪೆಟ್ಟಿಗೆ ಗಿಡ್ಡವಾದಷ್ಟೂ ಮೊದಲ ಪದವೇ ದೊಡ್ಡದಾಗಿ ಎರಡನೆಯದನ್ನು ಮರೆಮಾಡುತ್ತದೆ, ತುದಿಯ ಉದ್ದವನ್ನು ಸ್ವಲ್ಪ ಜಗ್ಗಿದರೆ ಉತ್ತರ ಬೇಕಾದಲ್ಲಿಗೆ ಬರುತ್ತದೆ. ಹಾಗಾಗಿ ಒಂದು ಅಣುವಿನ ಮೇಲೆ ಪರೀಕ್ಷೆ ಮಾಡಿ ಈ ಮಾದರಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರಬೇಡಿ. ಕನಿಷ್ಠ ಮೂರು ಬೇರೆ ಬೇರೆ ಉದ್ದದ ಸರಪಳಿಗಳು ಬೇಕು, ನೋಡಬೇಕಾದದ್ದು ತರಂಗಾಂತರ ಏರುವ ರೀತಿಯನ್ನು. ಎರಡು ಇಂಗಾಲಕ್ಕೆ ನೂರರ ಆಸುಪಾಸಿನ ಸಮಮೆಟ್ಟಿಲುಗಳಿದ್ದರೆ ತಳ ಸಪಾಟು. ಮೆಟ್ಟಿಲುಗಳು ನಲವತ್ತು, ಮೂವತ್ತು ಎಂದು ಕುಗ್ಗುತ್ತಿದ್ದರೆ ತಳದಲ್ಲಿ ಉಬ್ಬುತಗ್ಗುಗಳಿವೆ.

ಕೂನ್ ಸೂತ್ರದಲ್ಲಿ N ಬೆಳೆದಂತೆ ಮೊದಲ ಪದ ಕರಗಿ ಹೋಗಿ V0 ಮಾತ್ರ ಉಳಿಯುತ್ತದೆ. ಎರಡು ಎಲೆಕ್ಟ್ರಾನ್ ವೋಲ್ಟ್ ಎಂದರೆ 620 ನ್ಯಾನೊಮೀಟರ್. ಪಾಲಿಯೀನ್ ಸರಪಳಿಯನ್ನು ಎಷ್ಟು ಎಳೆದರೂ ಹೀರಿಕೆ ಅಲ್ಲಿಯೇ ಎಲ್ಲೋ ನಿಲ್ಲಬೇಕು. ಸಪಾಟು ಪೆಟ್ಟಿಗೆಯ ಪ್ರಕಾರವಾದರೆ ಅಂತರ ಸೊನ್ನೆಗಿಳಿದು ಅದು ಲೋಹವಾಗಬೇಕಿತ್ತು. ಅಂಥ ಬಹು ಉದ್ದದ ಸರಪಳಿಯಾದ ಪಾಲಿಅಸಿಟಿಲೀನ್ ನಿಜದಲ್ಲಿ ಅರೆವಾಹಕ, ಅದರ ಅಂತರ ಸುಮಾರು 1.5 ಎಲೆಕ್ಟ್ರಾನ್ ವೋಲ್ಟ್. ಅಂಕಿ ಕರಾರುವಾಕ್ಕಾಗಿಲ್ಲ, ಆದರೆ ಎರಡು ಭವಿಷ್ಯಗಳಲ್ಲಿ ಯಾವುದು ನಿಜವಾಯಿತು ಎಂಬುದರಲ್ಲಿ ಅನುಮಾನವಿಲ್ಲ.

ಇದನ್ನೆಲ್ಲ ಲೆಕ್ಕವಿಲ್ಲದೆಯೂ ನಿಮ್ಮ ರೋಹಿತದಲ್ಲೇ ಓದಬಹುದು. ಕ್ಯಾರೋಟಿನ್‌ನ ಪಟ್ಟಿಯಲ್ಲಿ ಒಂದೇ ಶಿಖರವಿಲ್ಲ. 450ರ ಶಿಖರದ ಬಲಕ್ಕೆ 478ರ ಹತ್ತಿರ ಇನ್ನೊಂದು, ಎಡಕ್ಕೆ 425ರ ಹತ್ತಿರ ಒಂದು ಭುಜ ಕಾಣಬೇಕು. 450 ಮತ್ತು 478ರ ನಡುವಿನ ಅಂತರವನ್ನು ತರಂಗಸಂಖ್ಯೆಗೆ ಬದಲಿಸಿದರೆ ಸೆಂಟಿಮೀಟರಿಗೆ ಸುಮಾರು 1300 ಬರುತ್ತದೆ. ಅದು ಇಂಗಾಲ ಇಂಗಾಲ ಬಂಧಗಳು ಹಿಗ್ಗಿ ಕುಗ್ಗುವ ಕಂಪನದ ವ್ಯಾಪ್ತಿಗೆ ಸೇರಿದ್ದು. ಬೆಳಕು ಎಲೆಕ್ಟ್ರಾನನ್ನು ದ್ವಿಬಂಧಗಳ ಮೇಲಿಂದ ಎತ್ತಿ ಏಕಬಂಧಗಳ ಮೇಲಿಡುವಾಗ ಗಿಡ್ಡ ಬಂಧಗಳು ಉದ್ದವಾಗಲು, ಉದ್ದ ಬಂಧಗಳು ಗಿಡ್ಡವಾಗಲು ಹೊರಡುತ್ತವೆ, ಆದ್ದರಿಂದ ಆ ಕಂಪನ ಜೊತೆಗೇ ಏಳುತ್ತದೆ. ಸಯನಿನ್‌ನಲ್ಲಿ ಬಂಧಗಳು ಮೊದಲೇ ಸಮ. ಜಿಗಿತದಿಂದ ಅವು ಹೆಚ್ಚು ಬದಲಾಗುವುದಿಲ್ಲ. ಹಾಗಾಗಿ ಅಲ್ಲಿ ಕಡಿದಾದ ಒಂದು ಶಿಖರ, ಎಡಕ್ಕೆ ಒಂದು ಸಣ್ಣ ಭುಜ ಮಾತ್ರ. ಎರಡು ರೋಹಿತಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಆದರೆ ಸಯನಿನ್ ದ್ರಾವಣ ನೀರಿನದಾಗಿರದೆ ಮೆಥನಾಲ್ ಅಥವಾ ಎಥನಾಲ್‌ನದಾಗಿರಲಿ, ತೆಳುವಾಗಿರಲಿ. ನೀರಿನಲ್ಲಿ ಈ ಬಣ್ಣಗಳ ಅಣುಗಳು ಒಂದಕ್ಕೊಂದು ಅಂಟಿಕೊಂಡು ಹೊಸ ಪಟ್ಟಿಗಳನ್ನು ತೋರಿಸುತ್ತವೆ, ಅವಕ್ಕೂ ಪೆಟ್ಟಿಗೆಗೂ ಸಂಬಂಧವಿಲ್ಲ.

ತಿದ್ದಿದ ಮಾದರಿಯೂ ಎಲ್ಲವನ್ನೂ ಹೇಳುವುದಿಲ್ಲ. ಲೈಕೋಪೀನ್‌ನಲ್ಲಿಯೂ ಸರಪಳಿಯಲ್ಲಿ ಹನ್ನೊಂದು ದ್ವಿಬಂಧಗಳೇ ಇವೆ, N ಅದೇ 22, ಆದ್ದರಿಂದ ಲೆಕ್ಕ ಅದೇ 450 ಕೊಡುತ್ತದೆ. ಅಳೆದರೆ ಅದರ ಮುಖ್ಯ ಶಿಖರ 470ರ ಆಸುಪಾಸಿನಲ್ಲಿದೆ. ಕ್ಯಾರೋಟಿನ್‌ನ ಎರಡು ತುದಿಯ ದ್ವಿಬಂಧಗಳು ಉಂಗುರದೊಳಗಿವೆ, ಮೀಥೈಲ್ ಗುಂಪುಗಳ ಒತ್ತಡದಿಂದ ಉಂಗುರಗಳು ಸರಪಳಿಯ ಸಮತಲದಿಂದ ತಿರುಚಿಕೊಂಡಿವೆ, ಆದ್ದರಿಂದ ಆ ತುದಿಗಳು ಅರ್ಧಂಬರ್ಧವಾಗಿ ಮಾತ್ರ ಸರಪಳಿಗೆ ಸೇರುತ್ತವೆ. ಲೈಕೋಪೀನ್‌ನಲ್ಲಿ ಉಂಗುರವೇ ಇಲ್ಲ. ಏಕ ಆಯಾಮದ ಪೆಟ್ಟಿಗೆಗೆ ತಿರುಚುವಿಕೆ ಎಂಬುದು ಗೊತ್ತೇ ಇಲ್ಲವಲ್ಲ. ಇದಕ್ಕಿಂತ ಆಳದ ಕೊರತೆ ಇನ್ನೊಂದಿದೆ: ಎಲೆಕ್ಟ್ರಾನ್‌ಗಳು ಪರಸ್ಪರ ತಳ್ಳಿಕೊಳ್ಳುವುದನ್ನು ಮಾದರಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉದ್ದನೆಯ ಪಾಲಿಯೀನ್‌ಗಳಲ್ಲಿ ನಾವು ಅಳೆಯುವ ಈ ಪ್ರಬಲ ಹೀರಿಕೆಗಿಂತ ಕೆಳಗೆ, ಬೆಳಕಿಗೆ ಬಹುಮಟ್ಟಿಗೆ ಕಾಣದ ಉದ್ರಿಕ್ತ ಸ್ಥಿತಿಯೊಂದಿದೆ. 1972ರಲ್ಲಿ ಹಡ್ಸನ್ ಮತ್ತು ಕೋಲರ್ ಅದನ್ನು ಡೈಫಿನೈಲ್ ಆಕ್ಟಟೆಟ್ರಾಯೀನ್‌ನಲ್ಲಿ ತೋರಿಸಿದರು. ಪೆಟ್ಟಿಗೆಯ ಮಟ್ಟಗಳನ್ನು ಹೇಗೆ ಜೋಡಿಸಿದರೂ ಆ ಸ್ಥಿತಿ ಅಷ್ಟು ಕೆಳಗೆ ಬರುವುದಿಲ್ಲ.

ವರದಿಯಲ್ಲಿ ಏನು ಬರೆಯಬೇಕು ಎಂಬುದಕ್ಕೆ ನನ್ನ ಸಲಹೆ ಇಷ್ಟು. 1220ನ್ನು ಅಳಿಸಬೇಡಿ, ಅದನ್ನು ಹಾಗೆಯೇ ಇಡಿ. ಸಪಾಟು ತಳದ ಮಾದರಿಯ ಪ್ರಾಮಾಣಿಕ ಉತ್ತರ ಅದು. ಅದರ ಕೆಳಗೆ 450ರಿಂದ V0 ತೆಗೆದು ತೋರಿಸಿ, ಉದ್ದವನ್ನು ಯಾವ ರೂಢಿಯಲ್ಲಿ ತೆಗೆದುಕೊಂಡಿರಿ ಎಂಬುದನ್ನು ತಪ್ಪದೆ ಹೇಳಿ. ನಿಮ್ಮ 21 ಬಂಧಗಳ ಉದ್ದವನ್ನೇ ಇಟ್ಟುಕೊಂಡರೆ V0 ಸುಮಾರು 1.8 ಬರುತ್ತದೆ, 2.0 ಅಲ್ಲ, ಪರೀಕ್ಷಕರು ಅದನ್ನು ಕೇಳುವ ಸಾಧ್ಯತೆ ಇದೆ. ಆಮೇಲೆ ಅದೇ V0 ಬಳಸಿ ಬ್ಯೂಟಡೈಯೀನ್ ಮತ್ತು ಹೆಕ್ಸಟ್ರೈಯೀನ್‌ಗಳ ತರಂಗಾಂತರವನ್ನು ಮುಂಚಿತವಾಗಿ ಲೆಕ್ಕ ಹಾಕಿ ಅಳತೆಯ ಪಕ್ಕದಲ್ಲಿ ಬರೆಯಿರಿ. 1.8 ಇಟ್ಟುಕೊಂಡು, ತುದಿಗಳನ್ನು ಬಿಟ್ಟ ಉದ್ದದಲ್ಲಿ ಬ್ಯೂಟಡೈಯೀನ್ ಮಾಡಿದರೆ ಉತ್ತರ 100 ನ್ಯಾನೊಮೀಟರಿನ ಆಸುಪಾಸಿಗೆ ಕುಸಿಯುತ್ತದೆ. ತುದಿಯ ಎರಡು ಬಂಧಗಳು ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಗುತ್ತದೆ.